ನೀರು ನಿಲ್ಲುವ ಎತ್ತರ

– ಮಾವ, ಬಂದಿದ್ದು ಒಳ್ಳೇದಾಯ್ತು. ಹೊಸ ವಾಷಿಂಗ್ ಮೆಷಿನ್ನು ಯಾಕೋ ಸರಿಯಿಲ್ಲ. ಬಟ್ಟೆ ಹಾಕಿ ಸ್ಟಾರ್ಟ್ ಒತ್ತಿದರೆ ನೀರು ತುಂಬ್ತಾನೇ ಇರುತ್ತೆ, ಒಗೆಯೋದು ಶುರುವಾಗೋದೇ ಇಲ್ಲ. ಕೊನೆಗೆ ಪರದೆ ಮೇಲೆ IE ಅಂತ ತೋರಿಸಿ ನಿಂತುಬಿಡುತ್ತೆ. ಜೋಡಿಸೋಕೆ ಬಂದಿದ್ದ ಹುಡುಗನಿಗೆ ಫೋನ್ ಮಾಡಿದೆ. ನಿಮ್ಮ ನಲ್ಲೀಲಿ ಪ್ರೆಷರ್ ಸಾಲದು, ಮೋಟಾರು ಹಾಕಿಸಿಕೊಳ್ಳಿ ಅಂದ.

– ಮೋಟಾರಿನ ಮಾತು ಆಮೇಲೆ. ನಲ್ಲಿಯಿಂದ ಪೈಪು ಬಿಚ್ಚಿ ಬಕೆಟ್ ಹಿಡಿದು ನೋಡಿದ್ಯಾ?

– ನೋಡಿದೆ. ಹತ್ತು ಲೀಟರಿನ ಬಕೆಟ್ಟು ಒಂದು ನಿಮಿಷದೊಳಗೆ ತುಂಬಿತು.

– ಅಷ್ಟು ನೀರು ಧಾರಾಳ ಸಾಕು. ಆ IE ಅನ್ನೋದನ್ನ ಸರಿಯಾಗಿ ಅರ್ಥ ಮಾಡ್ಕೋಬೇಕು. ನೀರು ಎಷ್ಟು ಬಂತು ಅನ್ನೋದನ್ನ ಇಂಥ ಮೆಷಿನ್ನು ಅಳೆಯಲ್ಲ. ತೊಟ್ಟಿ ತಳದಿಂದ ಒಂದು ಸಣ್ಣ ರಬ್ಬರ್ ಕೊಳವೆ ಮೇಲಕ್ಕೆ ಹೋಗಿರುತ್ತೆ. ನೀರು ಏರಿದ ಹಾಗೆ ಅದರೊಳಗೆ ಸಿಕ್ಕಿಕೊಂಡ ಗಾಳಿ ಒತ್ತಡಕ್ಕೆ ಸಿಗುತ್ತೆ, ಮೇಲಿರೋ ಸೆನ್ಸರು ಆ ಒತ್ತಡದಿಂದ ಮಟ್ಟ ತಿಳ್ಕೊಳುತ್ತೆ. ನಿಗದಿಯಾದ ಹೊತ್ತಿನೊಳಗೆ ಮಟ್ಟ ಏರಲಿಲ್ಲ ಅಂದ್ರೆ ನೀರೇ ಬರ್ತಿಲ್ಲ ಅಂತ ದೂರು ಹೇಳುತ್ತೆ. ಬಂದ ನೀರು ಬಂದ ಹಾಗೇ ಹೊರಗೆ ಹೋಗ್ತಿದ್ರೂ ಅದರ ದೂರು ಇದೇನೇ. ಎಲ್ಲಿ, ಯುಟಿಲಿಟಿ ಕಡೆ ನಡಿ. ಹೊರಗೆ ಹೋಗೋ ಪೈಪು ಎಲ್ಲಿ ಬಿಟ್ಟಿದ್ದಾನೆ ತೋರಿಸು.

– ಇಗೋ ಇಲ್ಲಿ. ಹಳೇ ಮೆಷಿನ್ನಿಂದು ಎಲ್ಲಿತ್ತೋ ಅಲ್ಲೇ, ನೆಲದ ನಹಾನಿ ಟ್ರ್ಯಾಪಿನ ಜಾಲರಿ ಮೇಲೆ. ಅದು ಅಷ್ಟು ವರ್ಷ ಹಾಗೇ ಕೆಲಸ ಮಾಡ್ತಲ್ಲ.

– ಹಳೇದು ಟಾಪ್ ಲೋಡ್ ಅಲ್ವಾ, ಮೇಲಿಂದ ಬಟ್ಟೆ ಹಾಕೋದು?

– ಹೂಂ.

– ವ್ಯತ್ಯಾಸ ಇರೋದೇ ಅಲ್ಲಿ. ನಮ್ಮ ಕಡೆ ಮಾರೋ ಟಾಪ್ ಲೋಡ್ ಮೆಷಿನ್ನುಗಳಲ್ಲಿ ಬಹಳಷ್ಟಕ್ಕೆ ನೀರೆತ್ತೋ ಪಂಪೇ ಇರಲ್ಲ. ತೊಟ್ಟಿ ತಳದಲ್ಲಿ ಒಂದು ವಾಲ್ವು ಇರುತ್ತೆ. ಒಗೆಯೋವಾಗ ಅದು ಮುಚ್ಚಿರುತ್ತೆ. ನೀರು ಬಿಡೋ ಹೊತ್ತಿಗೆ ಒಂದು ಸಣ್ಣ ಮೋಟಾರು ಅದನ್ನ ಎಳೆದು ತೆರೆಯುತ್ತೆ, ನೀರು ತನ್ನ ಭಾರಕ್ಕೆ ತಾನೇ ಇಳಿದುಹೋಗುತ್ತೆ. ಅದರ ಪೈಪು ನೆಲದಲ್ಲೇ ಇರಬೇಕು. ಮೇಲೆತ್ತಿ ಕಟ್ಟಿದರೆ ನೀರು ಹತ್ತಲ್ಲ, ಬಟ್ಟೆ ಕೊಳೆ ನೀರಲ್ಲೇ ನೆನೀತಾ ಕೂರುತ್ತೆ. ಈಗ ನೀನು ತಗೊಂಡಿರೋದು ಫ್ರಂಟ್ ಲೋಡ್. ಇದಕ್ಕೆ ಆ ವಾಲ್ವು ಇಲ್ಲ, ತಳದಲ್ಲಿ ಪಂಪಿದೆ. ಪಂಪು ನಿಂತಿದ್ದಾಗ ಅದರ ಎಲೆಗಳ ಸಂದಿನಿಂದ ನೀರು ಸರಾಗವಾಗಿ ಹರಿಯುತ್ತೆ, ತಡೆಯೋರು ಯಾರೂ ಇಲ್ಲ. ಒಗೆಯೋವಾಗ ನೀರು ಒಳಗೇ ನಿಲ್ಲಬೇಕು ಅಂದ್ರೆ ಹೊರಗಿನ ಪೈಪು ಒಳಗಿನ ನೀರಿಗಿಂತ ಮೇಲೆ ಏರಿರಬೇಕು. ಬೇರೆ ಬಾಗಿಲು ಇದಕ್ಕಿಲ್ಲ.

– ಅಂದ್ರೆ ಪ್ರೆಷರಿಂದು ತೊಂದರೆ ಅಲ್ಲವೇ ಅಲ್ಲ ಅಂತೀರಾ?

– ನಾನು ಅನ್ನೋದು ಯಾಕೆ, ನೀನೇ ನೋಡು. ಪೈಪಿನ ತುದಿಗೆ ಈ ಚಿಕ್ಕ ಟಬ್ಬು ಇಡು. ಬಟ್ಟೆಯಿಲ್ಲದೆ ಸ್ಟಾರ್ಟ್ ಮಾಡು. ನೀರು ತುಂಬೋಕೆ ಶುರುವಾಯ್ತಾ? ಈಗ ಟಬ್ಬಿಗೆ ನೀರು ಬರ್ತಿದೆ ನೋಡು. ಪಂಪಿನ ಸದ್ದಿಲ್ಲ, ಆದ್ರೂ ಬರ್ತಿದೆ. ಈಗ ಗೋಡೆ ಸ್ವಿಚ್ಚು ಆರಿಸು.

– ಆರಿಸಿದೆ. ಮೇಲಿಂದ ಬರೋದು ನಿಂತಿತು. ಟಬ್ಬಿಗೆ ಬರೋದು ಮಾತ್ರ ನಿಂತಿಲ್ಲ.

– ಕರೆಂಟು ತೆಗೆದ ಮೇಲೆ ಒಳಗೆ ಬರೋ ನೀರು ನಿಂತಿದೆ, ಅಂದ್ರೆ ನೀರು ಒಳಬಿಡೋ ವಾಲ್ವು ಸರಿಯಾಗಿದೆ. ಸ್ವಿಚ್ಚು ಆರಿಸಿದ ಮೇಲೂ ಒಳಗೆ ತುಂಬ್ತಾ ಇದ್ದಿದ್ರೆ ಆ ವಾಲ್ವಿನಲ್ಲಿ ಕಸ ಸಿಕ್ಕಿಕೊಂಡಿದೆ ಅಂತ ಲೆಕ್ಕ. ಈಗ ಪೈಪಿನ ತುದಿ ಹಿಡಿದು ಮೆಷಿನ್ನಿನ ತಲೆ ಮಟ್ಟಕ್ಕೆ ಎತ್ತು.

– ನಿಂತೇಹೋಯ್ತು!

– ಮತ್ತೆ ಸ್ವಿಚ್ಚು ಹಾಕು. ತುದೀನ ಹಾಗೇ ಎತ್ತಿ ಹಿಡ್ಕೊಂಡಿರು.

– ಮಾವ, ತಿರುಗೋಕೆ ಶುರು ಮಾಡ್ತು.

– ಇಷ್ಟೇ ಪರೀಕ್ಷೆ. ಮೋಟಾರು ಹಾಕಿಸಿದ್ದಿದ್ರೆ ಇನ್ನೂ ಜೋರಾಗಿ ಬಂದು ಇನ್ನೂ ಜೋರಾಗಿ ಹೋಗ್ತಿತ್ತು. ಕಾವೇರಿ ನೀರು ದುಡ್ಡು ಕೊಟ್ಟು ತಗೊಳ್ಳೋ ಊರಲ್ಲಿ ಅದನ್ನ ನೋಡೋಕಾಗಲ್ಲ. ಈ ಮೆಷಿನ್ನಿನ ಬೆನ್ನಲ್ಲಿ ಮೇಲುಗಡೆ ಕ್ಲಿಪ್ಪು ಇದೆ ನೋಡು, ಪೈಪು ಅದರಲ್ಲಿ ಕೂತು ಬಾಗಬೇಕಾಗಿತ್ತು. ಅದನ್ನ ಕಿತ್ತು ನೇರ ಕೆಳಗೆ ಬಿಟ್ಟಿದ್ದಾನೆ.

– ಸರಿ, ಕ್ಲಿಪ್ಪಿಗೆ ಮತ್ತೆ ಸಿಕ್ಕಿಸ್ತೀನಿ. ಮೇಲೆ ಹೋಗಿ ಬಾಗಿ ಆಮೇಲೆ ಕೆಳಗಿಳಿದು ಅದೇ ಟ್ರ್ಯಾಪಿಗೆ ಬೀಳಲಿ. ಹೇಗೂ ಏರು ಸಿಕ್ಕಿತಲ್ಲ, ಆಯ್ತಲ್ಲ ಕೆಲಸ?

– ಮುಕ್ಕಾಲು ಪಾಲು ಆಯ್ತು. ಉಳಿದ ಕಾಲು ಪಾಲಿನಲ್ಲೇ ಸೈಫನ್ ಕೂತಿರುತ್ತೆ. ಈಗ ನೀನು ನೋಡಿದ್ದು ಸೈಫನ್ ಅಲ್ಲ ಕಣೇ. ಎಲ್ಲರೂ ಇದನ್ನೂ ಸೈಫನ್ ಅಂತಲೇ ಕರೀತಾರೆ, ಆದ್ರೆ ಇದು ಬರೀ ಇಳಿಜಾರಿನ ಹರಿವು. ದಾರಿಯಲ್ಲಿ ಎಲ್ಲೂ ಏರೇ ಇರಲಿಲ್ಲ. ಸೈಫನ್ ಅಂದ್ರೆ ನೀರು ಒಂದು ಏರು ಹತ್ತಿ ಆಚೆ ಇಳಿಯೋದು. ಡ್ರಮ್ಮಿನಿಂದ ಡೀಸೆಲ್ ತೆಗೆಯೋವಾಗ ಟ್ಯೂಬಿನ ಒಂದು ತುದಿ ಒಳಗೆ ಬಿಟ್ಟು, ಇನ್ನೊಂದು ತುದೀನ ಬಾಯಲ್ಲಿ ಒಂದು ಸಲ ಎಳೆದು ಕೆಳಗೆ ಬಿಡ್ತಿದ್ರಲ್ಲ, ನೆನಪಿದ್ಯಾ?

– ಅಜ್ಜನ ತೋಟದ ಪಂಪ್‌ಸೆಟ್ಟಿಗೆ ಹಾಗೇ ಹಾಕ್ತಿದ್ರು.

– ಎಳೆಯದಿದ್ರೆ ಡೀಸೆಲ್ ಬರುತ್ತಾ? ಬರಲ್ಲ. ಒಂದು ಸಲ ಟ್ಯೂಬು ಪೂರ್ತಿ ತುಂಬಿ, ಆಚೆ ತುದಿ ಒಳಗಿನ ಡೀಸೆಲ್ ಮಟ್ಟಕ್ಕಿಂತ ಕೆಳಗಿದ್ರೆ ಮಾತ್ರ ಡ್ರಮ್ಮು ಬರಿದಾಗೋವರೆಗೂ ತಾನಾಗೇ ಬರುತ್ತೆ. ಇಳಿಯೋ ಕಡೆಯ ದ್ರವದ ಕಂಬ ಉದ್ದ, ಅದರ ಭಾರ ಹೆಚ್ಚು, ಅದು ಈ ಕಡೆಯದನ್ನ ಎಳ್ಕೊಂಡು ಹೋಗುತ್ತೆ. ಟ್ಯೂಬು ತುಂಬಿರಬೇಕು, ಹೊರ ತುದಿ ಕೆಳಗಿರಬೇಕು, ಮಧ್ಯೆ ಎಲ್ಲೂ ಗಾಳಿ ಸೇರಬಾರದು. ಇದರಲ್ಲಿ ಒಂದು ತಪ್ಪಿದ್ರೂ ನಿಂತುಹೋಗುತ್ತೆ. ಮೆಷಿನ್ನಿನಲ್ಲಿ ಬಾಯಿಂದ ಎಳೆಯೋ ಕೆಲಸ ಯಾರು ಮಾಡ್ತಾರೆ ಹೇಳು?

– ಪಂಪು.

– ಸರಿಯಾಗಿ ಹೇಳಿದೆ. ಅದಕ್ಕೇ ನೀನು ಹೇಳಿದ ಹಾಗೆ ಜೋಡಿಸಿದ್ರೆ ಮೊದಲ ಸಲ ನೀರು ತುಂಬೋವಾಗ ಏನೂ ಆಗಲ್ಲ. ಏರು ಹತ್ತೋಕೆ ನೀರಿಗೆ ಕಾರಣವಿಲ್ಲ. ಜೋಡಿಸಿದವನು ಸ್ವಲ್ಪ ಹೊತ್ತು ನೋಡಿ, ಸರಿಯಾಯ್ತು ಅಂತ ಹೊರಟುಹೋಗ್ತಾನೆ. ತೊಂದರೆ ಬರೋದು ನಡುವೆ. ಕೆಲವು ಪ್ರೋಗ್ರಾಮುಗಳಲ್ಲಿ, ಅಥವಾ ನೊರೆ ಹೆಚ್ಚಾದಾಗ, ಮೆಷಿನ್ನು ಸ್ವಲ್ಪ ನೀರು ಮಾತ್ರ ಹೊರಹಾಕಿ ಪಂಪು ನಿಲ್ಲಿಸುತ್ತೆ. ಪೈಪು ತುಂಬಿದೆ, ತುದಿ ನೆಲದಲ್ಲಿದೆ. ಪಂಪು ನಿಂತರೂ ನೀರು ನಿಲ್ಲಲ್ಲ, ಉಳಿದದ್ದೂ ಹೊರಟುಹೋಗುತ್ತೆ. ಮೆಷಿನ್ನು ಮತ್ತೆ ತುಂಬಿಸುತ್ತೆ. ಹಾಕಿದ ಸೋಪೆಲ್ಲ ಮೊದಲೇ ಚರಂಡಿ ಸೇರಿರುತ್ತೆ. ಒಂದು ದಿನ ಹೀಗೆ ಮಾಡುತ್ತೆ, ಇನ್ನೊಂದು ದಿನ ಮಾಡಲ್ಲ. ಸರ್ವಿಸ್‌ನವನು ಬಂದಾಗ ಸರಿಯಾಗೇ ಇರುತ್ತೆ. ನಾನು ಕೆಲಸದಲ್ಲಿದ್ದಾಗ ಇಂಥ ದೂರು ಬಂದರೆ ಮೆಷಿನ್ನಿನ ಮುಂದೆ ಕೂರ್ತಿರಲಿಲ್ಲ, ಹಿಂದೆ ಹೋಗಿ ಪೈಪಿನ ತುದಿ ಹುಡುಕ್ತಿದ್ದೆ.

– ಕಣ್ಣಾರೆ ನೋಡೋದು ಹೇಗೆ?

– ಈಗ ಒಳಗೆ ನೀರಿದೆಯಲ್ಲ, ಮಾಡೇ ನೋಡೋಣ. ಪೈಪನ್ನ ಬೆನ್ನಿನ ಕ್ಲಿಪ್ಪಿಗೆ ಸಿಕ್ಕಿಸು. ತುದೀನ ಕೆಳಗೆ ಟಬ್ಬಿನಲ್ಲಿ ಬಿಡು. ಪ್ರೋಗ್ರಾಮ್ ರದ್ದು ಮಾಡಿ, ಬರೀ ನೀರು ಹೊರಹಾಕೋ ಆಯ್ಕೆ ಹಾಕು. ಪಂಪು ಗುಂಯ್ ಅಂತು, ನೀರು ಬಂತು... ಈಗ ಸ್ವಿಚ್ಚು ಆರಿಸಿಬಿಡು.

– ಸದ್ದು ನಿಂತಿತು, ನೀರು ಬರ್ತಾನೇ ಇದೆ!

– ಈಗ ತುದೀನ ಎತ್ತಿ ಸಿಂಕಿನ ಅಂಚಿಗೆ ಹಿಡಿ. ನಿಂತಿತಾ? ಕಡಮೆ ನೀರಿದ್ದಾಗ, ಇಲ್ಲಾ ಪೈಪಿನೊಳಗೆ ಗಾಳಿ ಉಳಿದಾಗ ಇದೇ ಪರೀಕ್ಷೆ ಒಂದೊಂದು ಸಲ ತೋರಿಸಲ್ಲ. ಹಾಗಂತ ಬಿಡಬಾರದು, ಇನ್ನೊಂದು ಸಲ ಮಾಡಿ ನೋಡಬೇಕು.

– ಹಾಗಾದ್ರೆ ತುದಿ ಎಲ್ಲಿರಬೇಕು? ಇಲ್ಲಿ ಗೋಡೆಯಲ್ಲಿ ಔಟ್‌ಲೆಟ್ಟೇ ಕೊಟ್ಟಿಲ್ಲ. ಕಟ್ಟಿಸಿದವರು ನೆಲದಲ್ಲಿ ಟ್ರ್ಯಾಪ್ ಮಾತ್ರ ಬಿಟ್ಟಿದ್ದಾರೆ.

– ಹಳೇ ಅಪಾರ್ಟ್‌ಮೆಂಟುಗಳಲ್ಲಿ ಬಹಳ ಕಡೆ ಹೀಗೇ. ಆ ಟ್ರ್ಯಾಪಿನ ಮೇಲೆ ಒಂದು ಪೈಪು ನೆಟ್ಟಗೆ ನಿಲ್ಲಿಸಬೇಕು. ಪ್ಲಂಬರುಗಳು ಸ್ಟ್ಯಾಂಡ್ ಪೈಪ್ ಅನ್ನೋದು ಅದನ್ನೇ. ಮೆಷಿನ್ನಿನ ಪೈಪಿನ ತುದಿ ನೆಲದಲ್ಲಿರದೆ ಆ ಪೈಪಿನ ಬಾಯಲ್ಲಿರುತ್ತೆ. ಫ್ರಂಟ್ ಲೋಡ್ ಕೈಪಿಡಿಗಳನ್ನ ತೆಗೆದು ನೋಡಿದ್ರೆ ಸಾಮಾನ್ಯವಾಗಿ ನೆಲದಿಂದ 60 ಸೆಂಟಿಮೀಟರಿಗಿಂತ ಮೇಲೆ, 90 ಇಲ್ಲಾ 100 ಸೆಂಟಿಮೀಟರಿನೊಳಗೆ ಅಂತ ಇರುತ್ತೆ. ನಿನ್ನದರ ಕೈಪಿಡಿಯಲ್ಲಿ ಏನಿದೆಯೋ ಅದೇ ಕೊನೇ ಮಾತು. ನಾನಾದ್ರೆ ಇಲ್ಲಿ 75ಕ್ಕೆ ಗುರುತು ಹಾಕ್ತೀನಿ. ಒಗೆಯೋವಾಗ ನೀರು ಬಾಗಿಲ ಗಾಜಿನ ಕೆಳ ಅಂಚಿನ ಹತ್ತಿರ ಇರುತ್ತೆ, ಅದು ನೆಲದಿಂದ ಹೆಚ್ಚುಕಡಮೆ ಒಂದೂವರೆ ಗೇಣು. 75 ಅಂದ್ರೆ ಅದಕ್ಕಿಂತ ಎಷ್ಟೋ ಮೇಲಾಯ್ತು.

– ಒಳಗಿನ ನೀರು ಒಂದೂವರೆ ಗೇಣು ಇದ್ರೆ, 40 ಸೆಂಟಿಮೀಟರ್ ಸಾಲದಾ? 60 ಯಾಕೆ?

– ಒಳ್ಳೇ ಪ್ರಶ್ನೆ. ನೀರು ಸುಮ್ಮನೆ ನಿಂತಿರಲ್ಲ, ಡ್ರಮ್ಮು ತಿರುಗೋವಾಗ ಅಲ್ಲಾಡಿ ಪೈಪಿನೊಳಗೆ ಮೇಲೆ ಕೆಳಗೆ ಜಿಗಿಯುತ್ತೆ. ಜಾಲಿಸೋ ಕೆಲವು ಹಂತದಲ್ಲಿ ಮಟ್ಟವೂ ಹೆಚ್ಚಿರುತ್ತೆ. ನೊರೆ ಅದಕ್ಕಿಂತ ಮೇಲೇರುತ್ತೆ. ಏನೋ ಕೆಟ್ಟು ನೀರು ಜಾಸ್ತಿ ತುಂಬಿದರೂ ತಡೆಯೋ ಅಷ್ಟು ಅಂತರ ಬೇಕು. ಅದೆಲ್ಲ ಸೇರಿ 60.

– ಮೇಲಕ್ಕೂ ಮಿತಿ ಯಾಕೆ? ಆ ಕಿಟಕಿ ಪಕ್ಕ ಬಾಲ್ಕನಿ ಪೈಪಿಗೆ ಕೊಡೋಣ ಅಂತಿದ್ರು ನಮ್ಮನೆಯವರು. ಅದು ನನ್ನ ಭುಜದ ಎತ್ತರ ಇದೆ.

– ಬೇಡ. ಈ ಪಂಪು ತೀರಾ ಚಿಕ್ಕದು, ಸಣ್ಣ ಬಲ್ಬಿನಷ್ಟು ಕರೆಂಟಲ್ಲಿ ತಿರುಗುತ್ತೆ. ಎತ್ತರ ಹೆಚ್ಚಾದ ಹಾಗೆ ಹೊರಹಾಕೋ ನೀರು ಕಡಮೆಯಾಗ್ತಾ ಬರುತ್ತೆ. ನಿಗದಿತ ಹೊತ್ತಿನೊಳಗೆ ಖಾಲಿಯಾಗದಿದ್ರೆ ಮೆಷಿನ್ನು ಹಿಂಡೋಕೆ ಒಪ್ಪಲ್ಲ, ಈ ಸಲ OE ಅಂತ ತೋರಿಸುತ್ತೆ. ಇನ್ನೊಂದು ತೊಂದರೆ ಕಣ್ಣಿಗೆ ಬೀಳಲ್ಲ. ಪಂಪು ನಿಂತ ತಕ್ಷಣ ಏರೋ ಪೈಪಿನಲ್ಲಿ ಇದ್ದ ನೀರೆಲ್ಲ ವಾಪಸ್ ಒಳಗೆ ಇಳಿಯುತ್ತೆ. ಪೈಪಿನ ಒಳಗಿನ ಅಗಲ 2 ಸೆಂಟಿಮೀಟರ್ ಅಂತಿಟ್ಕೋ. ಒಂದು ಮೀಟರ್ ಉದ್ದದಲ್ಲಿ 300 ಮಿಲಿಲೀಟರಿಗಿಂತ ಸ್ವಲ್ಪ ಹೆಚ್ಚು ನೀರು ಹಿಡಿಯುತ್ತೆ. ಅದು ಕೊಳೆ ನೀರು. ಪ್ರತಿ ಸಲ ಖಾಲಿ ಮಾಡಿದಾಗಲೂ ಅಷ್ಟು ಹಿಂದಕ್ಕೆ ಬರುತ್ತೆ. ಒಂದಿಷ್ಟು ವಾಪಸ್ ಬರೋದು ಯಾವ ಮನೇಲೂ ತಪ್ಪಿದ್ದಲ್ಲ, ಆದ್ರೆ ಎತ್ತರವನ್ನೂ ಉದ್ದವನ್ನೂ ಬೆಳೆಸ್ತಾ ಹೋದರೆ ಅದೂ ಬೆಳೆಯುತ್ತೆ. ಪೈಪಿಗೆ ಪೈಪು ಜೋಡಿಸಿ ದೂರದ ಬಚ್ಚಲಿಗೆ ಎಳೆಯೋದೂ ಇದೇ ಕಾರಣಕ್ಕೆ ಒಳ್ಳೇದಲ್ಲ.

– ಸರಿ, 75ಕ್ಕೆ ಪೈಪು ನಿಲ್ಲಿಸೋಣ. ಹೇಗೆ ಮಾಡೋದು ಹೇಳಿ, ನಾಳೆ ಪ್ಲಂಬರ್ ಬಂದಾಗ ನಾನೇ ನಿಂತು ಮಾಡಿಸ್ತೀನಿ.

– 50 ಮಿಲಿಮೀಟರಿನ ಪಿವಿಸಿ ಪೈಪು ತಗೊಳ್ಳೋಕೆ ಹೇಳು. 40 ಆದ್ರೂ ನಡೆಯುತ್ತೆ, ಆದ್ರೆ ಮೆಷಿನ್ನು ಒಂದೇ ಸಮ ಜೋರಾಗಿ ನೀರು ಬಿಡುತ್ತೆ. ನಾಳೆ ನೂಲು, ಕೂದಲು ಕಟ್ಟಿಕೊಂಡಾಗ 40ರ ಬಾಯಿಂದ ನೀರು ಉಕ್ಕಿ ಗೋಡೆ ಮೇಲೆ ಇಳಿಯುತ್ತೆ. ಟ್ರ್ಯಾಪಿನ ಜಾಲರಿಯಲ್ಲಿ ಪೈಪು ಕೂರುವಷ್ಟು ತೂತು ಮಾಡಿ, ಅಥವಾ ತೂತಿರೋ ಜಾಲರಿಯನ್ನೇ ತಂದು, ಪೈಪನ್ನ ಅದರಲ್ಲಿ ನಿಲ್ಲಿಸಬೇಕು. ಉಳಿದ ಜಾಲರಿ ತೆರೆದೇ ಇರಬೇಕು, ನೆಲ ತೊಳೆದ ನೀರೂ ಅಲ್ಲೇ ಹೋಗಬೇಕಲ್ಲ. ಪೈಪನ್ನ ಗೋಡೆಗೆ ಎರಡು ಕಡೆ ಕ್ಲಾಂಪು ಹಾಕಿ ಬಿಗಿಸಬೇಕು. ಆಮೇಲೆ ಮೆಷಿನ್ನಿನ ಪೈಪಿಗೆ ಅದರ ಜೊತೆ ಬಂದಿರೋ ಪ್ಲಾಸ್ಟಿಕ್ ಕೊಕ್ಕೆ ಹಾಕಿ, ತುದೀನ ಪೈಪಿನ ಬಾಯೊಳಗೆ ಅರ್ಧ ಗೇಣು ಮಾತ್ರ ಇಳಿಸು.

– ಅರ್ಧ ಗೇಣೇ? ಆಚೆ ಜಿಗಿದುಬಿಡಲ್ವಾ? ಪೂರ್ತಿ ಕೆಳಗೆ ತುರುಕಿದ್ರೆ ಭದ್ರ ಅಲ್ವಾ?

– ಭದ್ರ ಮಾಡೋಕೆ ಟೈ ಹಾಕು, ತುರುಕಬೇಡ. ಪೂರ್ತಿ ತುರುಕಿದ್ರೆ ತುದಿ ಮತ್ತೆ ನೆಲಕ್ಕೇ ಹೋಯ್ತು, ಟ್ರ್ಯಾಪಿನ ನೀರಿನಲ್ಲಿ ಮುಳುಗಿತು. ನಿಲ್ಲಿಸಿದ ಪೈಪು ಇದ್ದೂ ಇಲ್ಲದ ಹಾಗೆ. 75 ಸೆಂಟಿಮೀಟರಿಗೆ ಬೆಲೆ ಬರೋದು ನೀರು ಆ ಎತ್ತರದಲ್ಲಿ ಗಾಳಿಗೆ ಬಿದ್ದಾಗ ಮಾತ್ರ. ಅಲ್ಲಿಂದ ಕೆಳಗೆ ಅದು ದೊಡ್ಡ ಪೈಪಿನ ಗೋಡೆ ಹಿಡ್ಕೊಂಡು ಇಳಿಯುತ್ತೆ, ಮಧ್ಯೆ ಗಾಳಿ ಇರುತ್ತೆ. ಎಳೆಯೋ ತುಂಬು ಕಂಬ ಆಗಲ್ಲ.

– ಪೈಪಿನ ಸುತ್ತ ಸಂದಿ ಉಳಿಯುತ್ತಲ್ಲ. ವಾಸನೆ, ಜಿರಲೆ ಬರುತ್ತೆ ಅಂತ ಪಕ್ಕದ ಮನೆಯವರು ಎಂ-ಸೀಲ್ ಮೆತ್ತಿಸಿದ್ದಾರೆ.

– ಆ ಸಂದಿಯಲ್ಲೇ ಗಾಳಿ ಒಳಗೆ ಹೋಗೋದು. ಅದನ್ನ ಮೆತ್ತಿದ್ರೆ ಮೆಷಿನ್ನಿನ ಪೈಪು, ನಿಲ್ಲಿಸಿದ ಪೈಪು ಎರಡೂ ಸೇರಿ ನೆಲದವರೆಗೆ ಒಂದೇ ಕೊಳವೆ ಆಗುತ್ತೆ. ಗಾಳಿ ಸೇರೋಕೆ ದಾರಿಯಿಲ್ಲ, ಸೈಫನ್ನಿಗೆ ಬೇಕಾದ್ದೆಲ್ಲ ಸಿಕ್ಕಿತು. ವಾಸನೆ ತಡೆಯೋ ಕೆಲಸ ಟ್ರ್ಯಾಪಿನ ಒಳಗೆ ನಿಂತಿರೋ ನೀರಿಂದು. ಎರಡು ಇಂಚಿನಷ್ಟು ನೀರು ಅಲ್ಲಿ ಯಾವಾಗಲೂ ನಿಂತಿರುತ್ತೆ, ಚರಂಡಿಯ ಗಾಳಿ ಅದನ್ನ ದಾಟಲ್ಲ. ವಾಸನೆ ಬರ್ತಿದೆ ಅಂದ್ರೆ ಆ ನೀರು ಒಣಗಿದೆ, ಇಲ್ಲಾ ಅಲ್ಲಿ ಟ್ರ್ಯಾಪೇ ಕೂರಿಸಿಲ್ಲ. ಊರಿಗೆ ಹೋಗಿ ತಿಂಗಳುಗಟ್ಟಲೆ ಬಿಟ್ಟು ಬಂದರೆ ಎರಡು ಚೆಂಬು ನೀರು ಹುಯ್ಯಿ, ಸಾಕು. ಜಿರಲೆಗೆ ಬೇಕಾದ್ರೆ ಬಾಯಿಗೆ ಸಡಿಲವಾಗಿ ತೆಳು ಜಾಲರಿ ಸುತ್ತು. ಸಿಮೆಂಟು, ಎಂ-ಸೀಲು, ಬಿಗಿಯಾದ ರಬ್ಬರ್ ಬುಷ್ಷು ಯಾವುದೂ ಬೇಡ.

– ನಾಳೆ ತನಕ ಏನು ಮಾಡ್ಲಿ? ಬಟ್ಟೆ ರಾಶಿ ಬಿದ್ದಿದೆ.

– ಈ ಯುಟಿಲಿಟಿ ಸಿಂಕಿನ ಅಂಚು ನೆಲದಿಂದ 80 ಸೆಂಟಿಮೀಟರ್ ಹತ್ತಿರ ಇದೆ. ಕೊಕ್ಕೆ ಹಾಕಿ ಪೈಪನ್ನ ಅಂಚಿಗೆ ನೇತುಹಾಕು, ನಲ್ಲಿಗೆ ದಾರದಿಂದ ಕಟ್ಟು. ಪಂಪು ಶುರುವಾದಾಗ ಪೈಪು ಎಗರುತ್ತೆ, ಕಟ್ಟದೆ ಬಿಟ್ಟರೆ ಇಡೀ ತೊಟ್ಟಿ ನೀರು ನೆಲಕ್ಕೆ. ಇನ್ನೊಂದು ಎಚ್ಚರ ಇದೆ. ಸಿಂಕಿನ ರಂಧ್ರಕ್ಕೆ ಪಾತ್ರೆ, ಸ್ಕ್ರಬ್ಬರು ಅಡ್ಡ ಬಿದ್ದು ನೀರು ಮೇಲೇರಿ ಪೈಪಿನ ತುದಿ ಮುಳುಗಿದ್ರೆ ಸೈಫನ್ನು ತಿರುಗಿಬೀಳುತ್ತೆ. ಆಗ ಸಿಂಕು ಮೇಲೆ, ಮೆಷಿನ್ನು ಕೆಳಗೆ. ಪಂಪು ನಿಂತ ಕೂಡಲೇ ಸಿಂಕಿನ ನೀರು ಬಟ್ಟೆಗೆ ವಾಪಸ್ ಬರುತ್ತೆ. ಒಗೆಯೋವಾಗ ಸಿಂಕು ಖಾಲಿ ಇರಲಿ.

– ನೀರು ಒಳಗೆ ಬರೋ ಪೈಪೂ ಒಂದು ಸಲ ನೋಡಿಬಿಡಿ ಮಾವ. ಅದರ ಬುಡದಲ್ಲಿ ತೊಟಕ್ ತೊಟಕ್ ಅಂತ ಸೋರ್ತಿದೆ. ಹುಡುಗ ಸುತ್ತಿ ಸುತ್ತಿ ಟೆಫ್ಲಾನ್ ಟೇಪು ಹಾಕಿದ, ಆದ್ರೂ ನಿಲ್ಲಲಿಲ್ಲ.

– ಟೇಪು ಹಾಕಿದ್ದಕ್ಕೇ ನಿಲ್ಲದೆ ಇರಬಹುದು. ನಲ್ಲಿ ಗೋಡೆಗೆ ಸೇರೋ ಅರ್ಧ ಇಂಚಿನ ಮರೆಗೆ ಟೇಪು ಬೇಕು. ಈ ಪೈಪಿನ ತುದಿಯಲ್ಲಿರೋ ಮುಕ್ಕಾಲು ಇಂಚಿನ ಪ್ಲಾಸ್ಟಿಕ್ ನಟ್ಟಿಗೆ ಬೇಡ. ಇಲ್ಲಿ ನೀರು ತಡೆಯೋದು ಮರೆ ಅಲ್ಲ, ನಟ್ಟಿನೊಳಗಿನ ಚಪ್ಪಟೆ ರಬ್ಬರ್ ವಾಷರ್. ಟೇಪು ದಪ್ಪ ಆದ್ರೆ ನಟ್ಟು ಪೂರ್ತಿ ಕೂರಲ್ಲ, ವಾಷರ್ ಒತ್ತಿಕೊಳ್ಳಲ್ಲ. ಎಲ್ಲಾ ಕಿತ್ತು ಹಾಕು. ನೋಡು, ವಾಷರು ಓರೆಯಾಗಿ ಕೂತಿದೆ. ಸರಿಯಾಗಿ ಕೂರಿಸಿ ಕೈಯಿಂದ ತಿರುಗಿಸು. ಮರೆ ಸಿಕ್ಕಾಗ ತಡೆಯಿಲ್ಲದೆ ತಿರುಗಬೇಕು, ಬಿಗಿ ಅನ್ನಿಸಿದ್ರೆ ಓರೆ ಹಿಡಿದಿದೆ ಅಂತ ಬಿಚ್ಚಿ ಮತ್ತೆ ಕೂರಿಸಬೇಕು. ಕೈಗೆ ಗಟ್ಟಿಯಾದ ಮೇಲೆ ಸ್ಪ್ಯಾನರಿಂದ ಬೇಕಾದ್ರೆ ಕಾಲು ಸುತ್ತು, ಅದಕ್ಕಿಂತ ಹೆಚ್ಚಾದ್ರೆ ಪ್ಲಾಸ್ಟಿಕ್ ಸೀಳುತ್ತೆ. ನಲ್ಲಿ ತೆರೆದು ಒಂದು ಒಣಗಿದ ಕಾಗದ ಸುತ್ತಿ ಹಿಡಿ. ಒದ್ದೆಯಾಗ್ತಿಲ್ಲ ಅಲ್ವಾ? ಮೆಷಿನ್ನಿನ ಕಡೆ ತುದಿ ಬಿಚ್ಚಿದಾಗ ಒಳಗೆ ಒಂದು ಪುಟ್ಟ ಜಾಲರಿ ಕಾಣುತ್ತೆ. ನಿಮ್ಮಲ್ಲಿ ಬೋರ್‌ವೆಲ್ ನೀರೂ ಬೆರೆಸ್ತಾರೆ, ಟ್ಯಾಂಕ್ ತೊಳೆದ ಮಾರನೇ ದಿನ ಕೆಸರು ಬಂದು ಅದು ಮುಚ್ಚಿಹೋಗುತ್ತೆ. ಆಗ ಬರೋ IE ನಿಜವಾಗಿಯೂ ನೀರು ಬರ್ತಿಲ್ಲ ಅನ್ನೋದಕ್ಕೆ. ಇಕ್ಕಳದಿಂದ ಎಳೆದು, ಬ್ರಷ್ಷಿನಲ್ಲಿ ಉಜ್ಜಿ ಹಾಕು. ಒಗೆದು ಮುಗಿದ ಮೇಲೆ ನಲ್ಲಿ ಮುಚ್ಚೋದನ್ನ ಮಾತ್ರ ಮನೆಯಲ್ಲಿ ಎಲ್ಲರಿಗೂ ಅಭ್ಯಾಸ ಮಾಡಿಸು. ಹಗಲೂ ರಾತ್ರಿ ಒತ್ತಡ ತಿಂದು ಈ ಪೈಪು ಒಡೆದ್ರೆ ಕೆಳಗಿನ ಮನೆಯ ಚಾವಣಿಯವರೆಗೂ ನೀರು.

– ಡಿಶ್‌ವಾಷರಿಗೂ ಇದೇ ಲೆಕ್ಕಾನಾ? ಅದನ್ನ ಅಡುಗೆಮನೆ ಸಿಂಕಿನ ಕೆಳಗೆ ಜೋಡಿಸಿದ್ದಾನೆ. ಪಾತ್ರೆ ಏನೋ ತೊಳೆಯುತ್ತೆ, ಆದ್ರೆ ಬೆಳಿಗ್ಗೆ ಬಾಗಿಲು ತೆಗೆದ್ರೆ ತಳದಲ್ಲಿ ಒಂದು ಲೋಟದಷ್ಟು ನೀರು, ಸಾರಿನ ವಾಸನೆ.

– ರಾತ್ರಿ ಮುಗಿದಾಗ ನೀರಿತ್ತಾ?

– ಇರಲಿಲ್ಲ. ಮಲಗೋ ಮುಂಚೆ ನೋಡಿದ್ದೆ. ಆಮೇಲೆ ನಮ್ಮತ್ತೆ ಒಂದೆರಡು ಪಾತ್ರೆ ಸಿಂಕಲ್ಲಿ ತೊಳೆದ್ರು.

– ಹಾಗಾದ್ರೆ ಆ ನೀರು ಡಿಶ್‌ವಾಷರಿಂದಲ್ಲ, ಸಿಂಕಿಂದು. ಕೆಳಗಿನ ಬಾಗಿಲು ತೆಗಿ, ಟಾರ್ಚು ಹಿಡಿ. ಇಲ್ಲಿ ನೋಡು, ಡಿಶ್‌ವಾಷರಿನ ಸಣ್ಣ ಪೈಪು ಕ್ಯಾಬಿನೆಟ್ಟಿನ ನೆಲದ ಮೇಲೆ ಮಲಗಿ ಬಂದು, ಸಿಂಕಿನ ಬಾಟಲ್ ಟ್ರ್ಯಾಪಿಗೆ ಪಕ್ಕದಿಂದ ಸೇರಿದೆ. ಸಿಂಕಿಂದ ನೀರು ಜೋರಾಗಿ ಇಳಿದಾಗ, ಇಲ್ಲಾ ಟ್ರ್ಯಾಪಿನಲ್ಲಿ ಸ್ವಲ್ಪ ಕಟ್ಟಿಕೊಂಡಾಗ, ನೀರಿಗೆ ಎರಡು ದಾರಿ ಕಾಣುತ್ತೆ. ಒಂದು ಚರಂಡಿ, ಇನ್ನೊಂದು ನಿನ್ನ ಡಿಶ್‌ವಾಷರು. ಒಳಗೆ ವಾಪಸ್ ತಡೆಯೋ ರಬ್ಬರ್ ತುಂಡು ಇರಬಹುದು, ಅದರ ಸಂದಿಗೆ ಒಂದು ಅನ್ನದ ಅಗುಳು ಸಿಕ್ಕಿಕೊಂಡರೆ ಅದು ಮುಚ್ಚಲ್ಲ. ಅದನ್ನ ನೆಚ್ಚಿಕೊಂಡು ಪೈಪನ್ನ ಮಲಗಿಸೋಕಾಗಲ್ಲ.

– ಇಲ್ಲಿ ಸ್ಟ್ಯಾಂಡ್ ಪೈಪ್ ಎಲ್ಲಿ ನಿಲ್ಲಿಸೋದು? ಜಾಗವೇ ಇಲ್ಲ.

– ಬೇಕಿಲ್ಲ. ಈ ಪೈಪನ್ನ ಟ್ರ್ಯಾಪಿಗೆ ಸೇರೋ ಮೊದಲು ಗ್ರಾನೈಟ್ ಕಟ್ಟೆಯ ಕೆಳಮೈಗೆ ತಾಗುವಷ್ಟು ಮೇಲೆತ್ತಿ, ಅಲ್ಲಿ ಒಂದು ಕ್ಲಿಪ್ಪು ಹೊಡೆದು, ಬಳಸಿ ಕೆಳಗೆ ತರಬೇಕು. ಸಿಂಕಿನ ನೀರು ಟ್ರ್ಯಾಪಿನಲ್ಲಿ ಎದ್ದರೂ ಆ ಏರು ಹತ್ತೋಕಾಗಲ್ಲ. ಸಿಂಕೇ ತುಂಬಿ ನಿಂತರೆ ಮಾತ್ರ ಇದೂ ಸೋಲುತ್ತೆ, ಯಾಕಂದ್ರೆ ಆಗ ನೀರಿನ ಮಟ್ಟ ಈ ಬಳಸಿಗಿಂತ ಮೇಲೆ. ಅದಕ್ಕೇ ಸಿಂಕು ಕಟ್ಟಿಕೊಂಡಾಗ ಮೊದಲು ಅದನ್ನ ಬಿಡಿಸಿ, ಆಮೇಲೆ ಡಿಶ್‌ವಾಷರು ಹಾಕು.

– ಸ್ಯಾನ್ ಹೋಸೆಯಲ್ಲಿ ಅಕ್ಕನ ಮನೆಗೆ ಹೋದಾಗ ಅಡುಗೆಮನೆ ನಲ್ಲಿ ಪಕ್ಕ ಒಂದು ಪುಟ್ಟ ಸ್ಟೀಲಿನ ಟೋಪಿ ಇತ್ತು. ಡಿಶ್‌ವಾಷರಿಗೆ ಅಂದಿದ್ಳು. ಅದೇನು?

– ಅದು ಏರ್ ಗ್ಯಾಪು. ಕ್ಯಾಲಿಫೋರ್ನಿಯಾದ ಅಡುಗೆಮನೆಗಳಲ್ಲಿ ಅದು ಸಾಮಾನ್ಯ. ಡಿಶ್‌ವಾಷರಿನ ನೀರು ಕಟ್ಟೆಯ ಮೇಲಿನ ಆ ಟೋಪಿಯೊಳಗೆ ಏರಿ, ಗಾಳಿಯಲ್ಲಿ ಒಂದು ಸಣ್ಣ ಅಂತರ ಹಾರಿ ಇನ್ನೊಂದು ಪೈಪಿಗೆ ಬೀಳುತ್ತೆ. ಸಿಂಕು ತುಂಬಿ ನಿಂತರೂ ಆ ಅಂತರ ದಾಟಿ ನೀರು ವಾಪಸ್ ಹೋಗೋಕಾಗಲ್ಲ. ಈಗ ನಾನು ಹೇಳಿದ ಬಳಸಿನ ಪೈಪು ಎಲ್ಲಿ ಸೋಲುತ್ತೋ ಅಲ್ಲೂ ಅದು ಕಾಯುತ್ತೆ, ನನ್ನ ಲೆಕ್ಕದಲ್ಲಿ ಅದೇ ಮೇಲು. ನಮ್ಮಲ್ಲಿ ಅಂಗಡಿಗಳಲ್ಲಿ ಸಲೀಸಾಗಿ ಸಿಗಲ್ಲ, ಗ್ರಾನೈಟಿಗೆ ಹೊಸ ತೂತೂ ಬೇಕು. ಬಳಸಿನ ಪೈಪಿಗೆ ಒಂದು ಕ್ಲಿಪ್ಪು, ಎರಡು ಸ್ಕ್ರೂ ಸಾಕು.

– ಟ್ರ್ಯಾಪಿಗೆ ಸೇರೋ ಜಾಗ ಸರಿಯಿದೆಯಾ?

– ಸೇರಿರೋ ಮೂತಿ ಟ್ರ್ಯಾಪಿನ ನಿಂತ ನೀರಿಗಿಂತ ಮೇಲೆ, ಸಿಂಕಿನ ಕಡೆಗಿದೆ. ಹಾಗೇ ಇರಬೇಕು. ಟ್ರ್ಯಾಪ್ ದಾಟಿದ ಮೇಲೆ ಸೇರಿಸಿದ್ರೆ ಚರಂಡಿ ವಾಸನೆ ನೇರ ಪಾತ್ರೆಗಳ ಹತ್ತಿರ ಬರುತ್ತೆ. ಅತ್ತಿಗೆ ಮನೇಲೂ ಹೊಸದು ತಗೋತಿದ್ದಾರೆ ಅಂದೆಯಲ್ಲ, ಅವರಿಗೆ ಇದೊಂದು ಹೇಳು. ಹೊಸ ಟ್ರ್ಯಾಪಿನ ಈ ಪಕ್ಕದ ಮೂತಿಯೊಳಗೆ ಸಾಮಾನ್ಯವಾಗಿ ಪ್ಲಾಸ್ಟಿಕ್ಕಿನ ತೆಳು ಗೋಡೆ ಇರುತ್ತೆ, ಕಾರ್ಖಾನೆಯಿಂದಲೇ ಮುಚ್ಚಿ ಬಂದಿರುತ್ತೆ. ಅದನ್ನ ಕೊರೆದು ತೆಗೆಯದೆ ಪೈಪು ಹಾಕಿ ಕ್ಲಿಪ್ಪು ಬಿಗಿದುಬಿಡ್ತಾರೆ. ನೋಡೋಕೆ ಎಲ್ಲ ಸರಿ, ಮೊದಲ ಸಲಕ್ಕೇ ನೀರು ಹೋಗಲ್ಲ. ಮೆಷಿನ್ನೇ ಕೆಟ್ಟದ್ದು ಅಂತ ವಾಪಸ್ ಕಳಿಸಿದವರನ್ನೂ ನೋಡಿದ್ದೀನಿ. ಟಾರ್ಚು ಬಿಟ್ಟು ಆ ಕಡೆಯಿಂದ ಬೆಳಕು ಕಾಣುತ್ತಾ ಅಂತ ನೋಡಿ ಹಾಕಿದ್ರೆ ಮುಗೀತು.

– ಕ್ಲಿಪ್ಪು ಹೊಡೆದೆ ಮಾವ. ಪೈಪು ಕಟ್ಟೆಗೆ ತಾಗಿ ಬಾಗಿದೆ.

– ಬಾಗಿದ ಕಡೆ ಮಡಿಚಿಕೊಂಡಿಲ್ಲ ತಾನೇ? ದುಂಡಾಗಿ ಬಳಸಿರಬೇಕು, ಮಡಿಕೆ ಬಿದ್ರೆ ಪಂಪಿಗೆ ಕಷ್ಟ. ಹಾಂ, ಇಷ್ಟಿದ್ರೆ ಸರಿ. ಈಗ ಡಿಶ್‌ವಾಷರಿನ ತಳದ ನೀರು ಒರೆಸಿ ಒಣಗಿಸು. ಸಿಂಕಿಗೆ ಬಿರಡೆ ಹಾಕಿ ಕಾಲು ಭಾಗ ನೀರು ಹಿಡಿ, ಅದಕ್ಕಿಂತ ಹೆಚ್ಚು ಬೇಡ. ಬಿರಡೆ ಒಮ್ಮೆಗೇ ಎಳಿ, ಪೂರ್ತಿ ಇಳಿಯಲಿ. ಈಗ ಡಿಶ್‌ವಾಷರಿನ ಬಾಗಿಲು ತೆಗೆದು ಕೆಳಗಿನ ಜಾಲರಿ ಎತ್ತಿ ಬೆರಳಿಟ್ಟು ನೋಡು.

– ಒಣಗೇ ಇದೆ.

– ಇವತ್ತು ರಾತ್ರಿ ಬಿಸಿನೀರಿನ ಪ್ರೋಗ್ರಾಮು ಹಾಕು. ಟ್ರ್ಯಾಪಿನ ಕೆಳಗೆ ಒಂದು ಒಣ ಕಾಗದ ಹಾಸಿರು. ಮೂತಿಗೆ ಹಾಕಿರೋ ಕ್ಲಿಪ್ಪು ಪೈಪು ತಣ್ಣಗಿದ್ದಾಗ ಬಿಗಿದದ್ದು, ಬಿಸಿಗೆ ಪೈಪು ಮೆತ್ತಗಾದ ಮೇಲೆ ಒಂಚೂರು ಸಡಿಲ ಆಗುತ್ತೆ. ಬೆಳಿಗ್ಗೆ ಕಾಗದದ ಮೇಲೆ ಕಲೆ ಇದ್ರೆ ಸ್ಕ್ರೂ ಅರ್ಧ ಸುತ್ತು ಬಿಗಿ ಮಾಡು. ಪ್ಲಂಬರಿಗೆ ಕೊಡೋ ಚೀಟಿ ಬರ್ಕೋ: 50ರ ಪಿವಿಸಿ ಪೈಪು ಒಂದು ಮೀಟರು, ಗೋಡೆ ಕ್ಲಾಂಪು ಎರಡು, ತೂತಿರೋ ಜಾಲರಿ ಒಂದು. ಅವನು ಪೈಪು ಕತ್ತರಿಸೋ ಮುಂಚೆ ಗೋಡೆ ಮೇಲೆ 75ರ ಗುರುತು ನೀನೇ ಹಾಕಿಡು.